ಒಂದೇ ಪ್ರಾಜೆಕ್ಟ್, ಮೂರು ಬಗೆಯ ವಿವರಣೆ: ಮೌಲ್ಯಮಾಪಕರ ಕೈಯಲ್ಲಿ ಯಾವುದು ನಿಂತಿತು?

ಪುಣೆಯ ಬಸ್ ನಿಲ್ದಾಣಗಳ ನಡುವೆ ಕಡಿಮೆ ಸಮಯದ ದಾರಿಯನ್ನು ಹುಡುಕುವ ಪೈಥಾನ್ ಪ್ರಾಜೆಕ್ಟೊಂದನ್ನು ನಾನು ಎಂಸಿಎ ತರಗತಿಗಾಗಿ ಸಿದ್ಧಪಡಿಸಿದ್ದೆ. ಅದನ್ನು ಸಲ್ಲಿಸುವ ಮೊದಲು, ಕೋಡ್ ಬದಲಿಸದೆ ವಿವರಣೆಯನ್ನಷ್ಟೇ ಮೂರು ಬಗೆಯಲ್ಲಿ ಬರೆದು, ಪುಣೆಯಲ್ಲೇ ಲ್ಯಾಬ್ ಅಸೈನ್‌ಮೆಂಟ್‌ಗಳನ್ನು ತಿದ್ದುವ ಧಾರವಾಡದ ಹಿರಿಯ ಗೆಳೆಯರೊಬ್ಬರಿಗೆ ಒಂದೊಂದಾಗಿ ಕೊಟ್ಟೆ. ಮೊದಲನೆಯದರಲ್ಲಿ ಎಲ್ಲವೂ ಉದ್ದನೆಯ ರೀಡ್‌ಮಿಯಲ್ಲಿತ್ತು, ಕೋಡಿನಲ್ಲಿ ಕಾಮೆಂಟ್ ಇರಲಿಲ್ಲ. ಎರಡನೆಯದರಲ್ಲಿ ಸಾಲುಸಾಲಿಗೂ ಕಾಮೆಂಟ್ ಇತ್ತು, ರೀಡ್‌ಮಿಯಲ್ಲಿ ಶೀರ್ಷಿಕೆ ಮಾತ್ರ. ಮೂರನೆಯದರಲ್ಲಿ ಒಂದು ಪುಟದ ರೀಡ್‌ಮಿಯೂ, ಕಾರಣ ಹೇಳಬೇಕಾದ ಕಡೆ ಮಾತ್ರ ಕಾಮೆಂಟೂ ಇದ್ದವು.

ಉದ್ದನೆಯ ರೀಡ್‌ಮಿಯನ್ನು ಓದಲು ಹಿತವಾಗಿತ್ತು. ಆದರೆ ತಿದ್ದುವವರು ಮೊದಲು ಹುಡುಕುವುದು ಪ್ರೋಗ್ರಾಂ ಚಾಲನೆ ಮಾಡುವ ಆಜ್ಞೆಯನ್ನು, ಅದೋ ಹಿನ್ನೆಲೆ ಮತ್ತು ಅಲ್ಗಾರಿದಮ್ ವಿವರಣೆಗಳ ಕೆಳಗೆ ಎಲ್ಲೋ ಹುದುಗಿತ್ತು. ಇನ್ನೊಂದು ತೊಂದರೆ ಹೆಚ್ಚು ಗಂಭೀರವಾದದ್ದು: ಅಲ್ಗಾರಿದಮ್ಮಿನ ವಿವರಣೆ ಕೋಡಿನಿಂದ ದೂರವಿದ್ದುದರಿಂದ, ಯಾವ ವಾಕ್ಯ ಯಾವ ಸಾಲಿಗೆ ಸಂಬಂಧಿಸಿದ್ದೆಂದು ಅವರು ಎರಡು ಕಿಟಕಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಹೊಂದಿಸಬೇಕಾಯಿತು.

ಸಾಲುಸಾಲಿನ ಕಾಮೆಂಟ್ ಅದಕ್ಕಿಂತ ಕೆಟ್ಟದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. `count = count + 1` ಎಂಬುದರ ಪಕ್ಕದಲ್ಲಿ ‘ಎಣಿಕೆಯನ್ನು ಒಂದು ಹೆಚ್ಚಿಸು’ ಎಂದು ಬರೆದರೆ ಪ್ರೋಗ್ರಾಮಿಂಗ್ ಬಲ್ಲವರಿಗೆ ಹೊಸದೇನೂ ತಿಳಿಯುವುದಿಲ್ಲ. ಅಂಥ ಕಾಮೆಂಟುಗಳ ರಾಶಿಯಲ್ಲಿ ನಿಜಕ್ಕೂ ವಿವರಣೆ ಬೇಕಿದ್ದ ಸಾಲು ಕಣ್ಣಿಗೇ ಬೀಳುವುದಿಲ್ಲ. ಗೆಳೆಯರು ಹೇಳಿದ್ದಿಷ್ಟು: "ಇದು ಏನ್ ಮಾಡ್ತದ ಅನ್ನೂದು ನನಗ ಕಾಣಸ್ತದಪಾ, ಯಾಕ್ ಹಂಗ್ ಮಾಡೀದಿ ಅನ್ನೂದನ್ನ ಬರಿ."

ಅವರು ಬೆರಳಿಟ್ಟು ತೋರಿಸಿದ ಸಾಲುಗಳು ಇವು. ಮೂರನೆಯ ಬಗೆಯಲ್ಲಿ ಅವುಗಳ ಮೇಲಿನ ಕಾಮೆಂಟ್ ಹೀಗಿತ್ತು:

```python
# heapq ಹಳೆಯ ನಮೂದನ್ನು ತಿದ್ದಲು ಬಿಡದು; ಹೊಸದನ್ನು ಸೇರಿಸುತ್ತೇವೆ.
# ಹಳೆಯದು ಹೊರಬಂದರೆ ಬಿಟ್ಟುಬಿಡು. ಉತ್ತರ ಬದಲಾಗದು,
# ಕೆಲಸ ಮಾತ್ರ ಕಡಿಮೆಯಾಗುತ್ತದೆ.
if d > dist[u]:
    continue
```

ಒಂದು ನಿಲ್ದಾಣಕ್ಕೆ ಮೊದಲು 18 ನಿಮಿಷದ ದಾರಿ ಸಿಕ್ಕಿ, ಬಳಿಕ 12 ನಿಮಿಷದ್ದು ಸಿಕ್ಕಿತೆಂದುಕೊಳ್ಳಿ. heapqನ ಸರದಿಯಲ್ಲಿ ಎರಡೂ ನಮೂದುಗಳು ಉಳಿದಿರುತ್ತವೆ. 12 ಮೊದಲು ಹೊರಬರುತ್ತದೆ, ಆಮೇಲೆ ಬರುವ 18ರ ನಮೂದಿಗೆ ಅರ್ಥವಿಲ್ಲ. ಕಾಮೆಂಟ್ ಇಲ್ಲದಿದ್ದಾಗ ಗೆಳೆಯರು, ಭೇಟಿ ಕೊಟ್ಟ ನಿಲ್ದಾಣಗಳ ಪಟ್ಟಿಯನ್ನೇ ಇಡದೆ ನಾನು ಡೈಕ್‌ಸ್ಟ್ರಾ ಅಲ್ಗಾರಿದಮ್ಮನ್ನು ಬರೆದಿದ್ದೇನೆಂದು ಅನುಮಾನಿಸಿ ಆ ಭಾಗವನ್ನು ಮತ್ತೆ ಮತ್ತೆ ಓದಿದ್ದರು. ಕಾಮೆಂಟ್ ಇದ್ದಾಗ ಒಮ್ಮೆ ಓದಿ ಮುಂದಕ್ಕೆ ಹೋದರು.

ಮೂರನೆಯ ಬಗೆಯ ರೀಡ್‌ಮಿಯ ಮೇಲ್ತುದಿಯಲ್ಲಿ ಪೈಥಾನಿನ ಆವೃತ್ತಿ, ಚಾಲನೆಯ ಆಜ್ಞೆ, ಬರಬೇಕಾದ ಉತ್ತರ ಈ ಮೂರೇ ಇದ್ದವು:

```
python route.py stops.csv S01 S14
S01 -> S07 -> S14 : 31 min
```

ಉತ್ತರದ ಮಾದರಿ ಅತ್ಯಗತ್ಯ, ಏಕೆಂದರೆ ಅದಿಲ್ಲದಿದ್ದರೆ ತೆರೆಯ ಮೇಲೆ ಬಂದದ್ದು ಸರಿಯೋ ತಪ್ಪೋ ಎಂದು ತಿದ್ದುವವರು ತಾವೇ ಲೆಕ್ಕ ಹಾಕಬೇಕು. ಕೆಳಗೆ ಕಡತಗಳ ಪಟ್ಟಿ, ಬೇರೆಡೆಯಿಂದ ಪಡೆದ ಕೋಡ್ ಯಾವುದೆಂಬ ಒಂದು ಸಾಲು, ಮತ್ತು ಮಿತಿಗಳು. ನಮ್ಮ ಪ್ರೋಗ್ರಾಂ ಬಸ್ಸಿಗಾಗಿ ಕಾಯುವ ಸಮಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇದನ್ನು ಬರೆದಿಟ್ಟಿದ್ದರಿಂದ ಅದು ದೋಷವಲ್ಲ, ನಾವೇ ಹಾಕಿಕೊಂಡ ಗಡಿ ಎಂದು ಸ್ಪಷ್ಟವಾಯಿತು.

ಪುಣೆಯಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. ನಿಲ್ದಾಣಗಳ ಹೆಸರುಗಳು ದೇವನಾಗರಿಯಲ್ಲಿದ್ದವು. ಹಳೆಯ ಪಾಶ್ಚಾತ್ಯ ಅಕ್ಷರ ಸಂಕೇತವನ್ನೇ ಪೂರ್ವನಿಯೋಜಿತವಾಗಿ ಹಿಡಿಯುವ ವಿಂಡೋಸ್ ಯಂತ್ರದಲ್ಲಿ, ಸಂಕೇತ ಹೇಳದೆ ಕಡತವನ್ನು ತೆರೆದರೆ ‘ಸ್ವಾರಗೇಟ್’ ಎಂಬಲ್ಲಿಯೇ ಓದು ನಿಂತುಹೋಗುತ್ತದೆ. UTF-8ರಲ್ಲಿ ಹಲಂತ ಚಿಹ್ನೆಯ ಕೊನೆಯ ಬೈಟ್ `0x8d`, ಅದಕ್ಕೆ ಆ ಹಳೆಯ ಸಂಕೇತದಲ್ಲಿ ಅಕ್ಷರವೇ ಇಲ್ಲ. ತೆರೆಯ ಮೇಲೆ `'charmap' codec can't decode byte 0x8d` ಎಂದು ಬರುತ್ತದೆ. ಕನ್ನಡದ ಒತ್ತಕ್ಷರಗಳಿಗೂ ಇದೇ ಗತಿ, ಅಲ್ಲಿಯೂ ಹಲಂತದ ಕೊನೆಯ ಬೈಟ್ ಅದೇ. ಇದನ್ನು ರೀಡ್‌ಮಿಯಲ್ಲಿ ಎಚ್ಚರಿಕೆಯಾಗಿ ಬರೆಯುವುದಕ್ಕಿಂತ `encoding="utf-8"` ಎಂದು ಕೋಡಿನಲ್ಲೇ ಸೇರಿಸಿ, ಕಾರಣವನ್ನು ಒಂದು ಸಾಲಿನ ಕಾಮೆಂಟಿನಲ್ಲಿ ಹೇಳುವುದೇ ಸರಿ.

ಹೀಗಾಗಿ ನನ್ನ ಆಯ್ಕೆ ಮೂರನೆಯದು, ಆದರೆ ಎಲ್ಲ ಕಡೆಗೂ ಅಲ್ಲ. ಒಂದೇ ಕಡತದ ಚಿಕ್ಕ ಲ್ಯಾಬ್ ಕೆಲಸಕ್ಕೆ ಕಡತದ ತಲೆಯಲ್ಲಿನ ನಾಲ್ಕು ಸಾಲಿನ ಡಾಕ್‌ಸ್ಟ್ರಿಂಗ್ ಸಾಕು, ಪ್ರತ್ಯೇಕ ರೀಡ್‌ಮಿ ಬೇಡ. ಅಲ್ಗಾರಿದಮ್ಮಿನ ವಿನ್ಯಾಸಕ್ಕೇ ಅಂಕಗಳಿರುವ ಪ್ರಾಜೆಕ್ಟಿಗಾದರೆ ಮೊದಲ ಬಗೆಯ ಉದ್ದನೆಯ ವಿವರಣೆಯನ್ನು ಬೇರೆ ಕಡತದಲ್ಲಿ ಇಟ್ಟು, ರೀಡ್‌ಮಿಯಿಂದ ಅದರ ಕಡೆಗೆ ಬೆರಳು ತೋರಿಸಬಹುದು. ಯಾವುದನ್ನು ಆರಿಸಿದರೂ, ಸಲ್ಲಿಸುವ ಜಿಪ್ ಕಡತವನ್ನು ಬೇರೊಂದು ಯಂತ್ರದ ಹೊಸ ಫೋಲ್ಡರಿನಲ್ಲಿ ಬಿಚ್ಚಿ, ರೀಡ್‌ಮಿಯ ಆಜ್ಞೆಗಳನ್ನು ಮಾತ್ರ ನಕಲು ಮಾಡಿ ಚಾಲನೆ ಮಾಡಿ ನೋಡಬೇಕು. ಸೇರಿಸಲು ಮರೆತ ಡೇಟಾ ಕಡತ, ಇನ್‌ಸ್ಟಾಲ್ ಮಾಡಬೇಕಾದ ಲೈಬ್ರರಿ ಇವೆರಡೂ ಅಲ್ಲಿಯೇ ಸಿಕ್ಕಿಬೀಳುತ್ತವೆ.