ನಿಲ್ಲು, ನಡೆ, ಓಡು: ಒಂದೇ `Speed`ಗೆ ಮೂರು ದಾರಿ, ಹೋಲಿಸಿ ನೋಡಿದ್ದು

ಚಿಕ್ಕಮಗಳೂರಿನ ಕಾಫಿ ತೋಟವೊಂದರಲ್ಲಿ ನಡೆಯುವ ಸಣ್ಣ ಗೇಮ್ ಒಂದನ್ನು ಯೂನಿಟಿಯಲ್ಲಿ ಮಾಡುತ್ತಿದ್ದೇವೆ. ಕೋಡ್ ನನ್ನದು, ಅನಿಮೇಶನ್ ಹಾಸನದಲ್ಲಿರುವ ನಮ್ಮ ಚಿಕ್ಕಪ್ಪನ ಮಗನದು. ಗೇಮಿನ ಹುಡುಗ ನಿಲ್ಲಬೇಕು, ನಡೆಯಬೇಕು, ಓಡಬೇಕು. ಇಷ್ಟನ್ನೂ `Speed` ಅನ್ನೋ ಒಂದೇ ಪ್ಯಾರಾಮೀಟರ್ ನೋಡಿಕೊಳ್ಳಬೇಕು. ಇದಕ್ಕೆ ಇರುವ ದಾರಿಗಳನ್ನು ಒಂದೊಂದಾಗಿ ಹಾಕಿ ನೋಡಿದೆ.

ಪರೀಕ್ಷೆಗೆ ಆರಿಸಿಕೊಂಡ ಜಾಗ ಕಾಫಿ ಒಣಗಿಸುವ ಕಣ. ತೋಟದಲ್ಲಿ ಸಮತಟ್ಟಾಗಿರೋದು ಅದೊಂದೇ ಅಲ್ವಾ. ಅದರ ಮೇಲೆ ಒಂದೊಂದು ಮೀಟರಿಗೆ ಗೆರೆ ಹಾಕಿದೆ. ಊರಿದ ಪಾದ ಗೆರೆಯ ಪಕ್ಕದಲ್ಲೇ ನಿಂತರೆ ಸರಿ, ಗೆರೆ ದಾಟಿ ಜಾರಿದರೆ ತಪ್ಪು. ಕ್ಯಾಮೆರಾವನ್ನು ಪಕ್ಕದಿಂದ ನೆಲಮಟ್ಟಕ್ಕೆ ಇಟ್ಟರೆ ಚೆನ್ನಾಗಿ ಗೊತ್ತಾಗುತ್ತದೆ. ಕ್ಲಿಪ್‌ಗಳು ಮೂರು: ನಿಲ್ಲುವುದು 4 ಸೆಕೆಂಡ್ ಉದ್ದ. ನಡಿಗೆಯ ಒಂದು ಸುತ್ತು 1 ಸೆಕೆಂಡ್, ವೇಗ ಸೆಕೆಂಡಿಗೆ 1.5 ಮೀಟರ್. ಓಟದ ಸುತ್ತು 0.7 ಸೆಕೆಂಡ್, ವೇಗ 4.5 ಮೀಟರ್.

ಮೊದಲನೆಯದು ಹಳೇ ದಾರಿ. ಮೂರು ಬೇರೆ ಬೇರೆ ಸ್ಟೇಟ್, ನಡುವೆ ಟ್ರಾನ್ಸಿಶನ್. ಕಟ್ಟೋದು ಸುಲಭ, ನಿಂತಿದ್ದವನು ನಡೆಯಲು ಶುರು ಮಾಡುವಾಗ ನೋಡೋಕೂ ಚೆಂದ. ನಡಿಗೆಯಿಂದ ಓಟಕ್ಕೆ ಹೋಗುವಾಗ ಮಾತ್ರ ಕೆಡುತ್ತದೆ. ನಡಿಗೆಯಲ್ಲಿ ಯಾವ ಕಾಲು ಮುಂದಿದೆ ಅಂತ ಓಟದ ಕ್ಲಿಪ್ಪಿಗೆ ಗೊತ್ತಿಲ್ಲ, ಅದು ತನ್ನ ಮೊದಲ ಫ್ರೇಮಿನಿಂದಲೇ ಶುರುವಾಗುತ್ತದೆ. ಕಾಲುಗಳು ಅರೆ ಕ್ಷಣ ಒಂದಕ್ಕೊಂದು ತೊಡರಿದ ಹಾಗೆ ಕಾಣುತ್ತವೆ. ಇನ್ನು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹೋಗುವವನು ಏನು ಮಾಡಬೇಕು? ಅವನಿಗೆ ನಡಿಗೆಯೂ ಹೊಂದುವುದಿಲ್ಲ, ಓಟವೂ ಹೊಂದುವುದಿಲ್ಲ.

ಎರಡನೆಯದು ಎಲ್ಲರೂ ಹೇಳಿಕೊಡುವ ದಾರಿ. ಒಂದು 1D ಬ್ಲೆಂಡ್ ಟ್ರೀ, ಅದರೊಳಗೆ ಮೂರೂ ಕ್ಲಿಪ್. `Automate Thresholds` ಟಿಕ್ ಹಾಗೇ ಬಿಟ್ಟರೆ ಯೂನಿಟಿ 0, 0.5, 1 ಅಂತ ಸಮವಾಗಿ ಹಂಚುತ್ತದೆ. ಹುಡುಗನ ವೇಗವನ್ನು ಗರಿಷ್ಠ ವೇಗ 4.5ರಿಂದ ಭಾಗಿಸಿ `Speed`ಗೆ ಕೊಟ್ಟರೆ ಮುಗಿಯಿತು ಅನ್ನಿಸುತ್ತದೆ. ಕಣದ ಗೆರೆ ಬೇರೆ ಕಥೆ ಹೇಳುತ್ತದೆ.

ಲೆಕ್ಕ ಹೀಗೆ. ಹುಡುಗ ಸರಿಯಾಗಿ ನಡಿಗೆಯ ವೇಗ 1.5ರಲ್ಲಿ ಹೋಗುತ್ತಿದ್ದಾನೆ ಅಂದುಕೊಳ್ಳಿ. ಭಾಗಿಸಿದರೆ 0.33 ಬರುತ್ತದೆ. ನಡಿಗೆಯ ಗುರುತು ಇರೋದು 0.5ರಲ್ಲಿ. ಹಾಗಾಗಿ ಮೂರರಲ್ಲಿ ಎರಡು ಪಾಲು ನಡಿಗೆ, ಒಂದು ಪಾಲು ನಿಲ್ಲುವುದು ಬೆರೆಯುತ್ತದೆ. ಬ್ಲೆಂಡ್ ಟ್ರೀ ಭಂಗಿಯನ್ನಷ್ಟೇ ಅಲ್ಲ, ಸುತ್ತಿನ ಉದ್ದವನ್ನೂ ಬೆರೆಸುತ್ತದೆ. 4 ಸೆಕೆಂಡಿನ ಒಂದು ಪಾಲು, 1 ಸೆಕೆಂಡಿನ ಎರಡು ಪಾಲು ಸೇರಿ 2 ಸೆಕೆಂಡ್ ಆಯ್ತು. ಹೆಜ್ಜೆಯೂ ಮೊಟಕು, ಸುತ್ತಿಗೆ ಸುಮಾರು 1 ಮೀಟರ್. ಕಾಲು ನಡೆಯುತ್ತಿರುವುದು ಸೆಕೆಂಡಿಗೆ ಅರ್ಧ ಮೀಟರ್, ಮೈ ಹೋಗುತ್ತಿರುವುದು ಒಂದೂವರೆ. "ಇದೇನೋ, ಪಾಚಿ ಮೇಲೆ ಹೋದಂಗೆ ಹೋಗ್ತಾನೆ" ಅಂದ ತಮ್ಮ, ವಿಡಿಯೋ ನೋಡಿ.

ಟಿಕ್ ತೆಗೆದು ಗುರುತುಗಳನ್ನು ನಿಜವಾದ ವೇಗಕ್ಕೇ ಇಟ್ಟರೆ, ಅಂದರೆ 0, 1.5, 4.5 ಅಂತ ಇಟ್ಟು ಭಾಗಾಕಾರ ಬಿಟ್ಟರೆ, ಅರ್ಧ ರೋಗ ವಾಸಿ. 1.5ರಲ್ಲಿ ಪಾದ ಗೆರೆ ಬಿಟ್ಟು ಕದಲುವುದಿಲ್ಲ. ನಡುವಿನ 3ರಲ್ಲೂ ಪರವಾಗಿಲ್ಲ: ಸುತ್ತು 0.85 ಸೆಕೆಂಡ್, ಹೆಜ್ಜೆಗಳ ಸರಾಸರಿ ಸುಮಾರು 2.3 ಮೀಟರ್, ಅಂದರೆ ಕಾಲಿನ ವೇಗ 2.7ರ ಆಸುಪಾಸು. ಆ ವ್ಯತ್ಯಾಸ ಓಡುವ ಹುಡುಗನಲ್ಲಿ ಕಣ್ಣಿಗೆ ಬೀಳುವುದಿಲ್ಲ.

ಆ ವೇಗದ ಸಂಖ್ಯೆ ಎಲ್ಲಿಂದ ತರೋದು? ಕ್ಲಿಪ್ಪಿನಲ್ಲಿ ರೂಟ್ ಮೋಶನ್ ಇದ್ದರೆ `Compute Thresholds`ನಲ್ಲಿ `Speed` ಆರಿಸಿದರೆ ಯೂನಿಟಿಯೇ ಎಣಿಸಿ ತುಂಬುತ್ತದೆ. ನಮ್ಮವು ನಿಂತಲ್ಲೇ ಕಾಲು ಆಡಿಸುವ ಕ್ಲಿಪ್‌ಗಳು. ಅಂಥವಕ್ಕೆ ಅದು ಸೊನ್ನೆ ಎಣಿಸುತ್ತದೆ. ಆಗ ಕೈಯಲ್ಲೇ ಅಳೆಯಬೇಕು. ಪಾದ ನೆಲಕ್ಕೆ ಪೂರ್ತಿ ಊರಿರುವಾಗ ಎರಡು ಫ್ರೇಮ್ ಆರಿಸಿ, ಹಿಮ್ಮಡಿ ಎಷ್ಟು ಹಿಂದೆ ಸರಿಯಿತು ನೋಡಿ. ನಮ್ಮ ನಡಿಗೆಯಲ್ಲಿ 0.4 ಸೆಕೆಂಡಿಗೆ 0.6 ಮೀಟರ್. ಭಾಗಿಸಿದರೆ 1.5.

ಇನ್ನೊಂದು ಷರತ್ತಿದೆ, ಇದು ಬಹಳ ಜನರಿಗೆ ಕೈ ಕೊಡುತ್ತದೆ. ಎರಡೂ ಕ್ಲಿಪ್‌ಗಳಲ್ಲಿ ಒಂದೇ ಕಾಲು ಸುತ್ತಿನ ಒಂದೇ ಜಾಗದಲ್ಲಿ ನೆಲ ಮುಟ್ಟಬೇಕು. ನಡಿಗೆ ಎಡಗಾಲಿನಿಂದ ಶುರುವಾಗಿ ಓಟ ಬಲಗಾಲಿನಿಂದ ಶುರುವಾದರೆ, ಅರ್ಧ ಅರ್ಧ ಬೆರೆತಾಗ ಒಂದು ಇನ್ನೊಂದನ್ನು ಹೊಡೆದುಹಾಕುತ್ತದೆ. ಕಾಲೆರಡೂ ಒಟ್ಟಿಗೇ ಇರುತ್ತವೆ, ಹುಡುಗ ಪುಟುಪುಟು ತೇಲಿಕೊಂಡು ಹೋಗುತ್ತಾನೆ. 1.5ರಲ್ಲೂ 4.5ರಲ್ಲೂ ಚೆನ್ನಾಗಿದ್ದು ನಡುವೆ ಮಾತ್ರ ಹೀಗಾದರೆ ಕಾರಣ ಇದೇ. ತಮ್ಮನ ಓಟ ಹೀಗೇ ಇತ್ತು. ಮತ್ತೆ ಮಾಡಿಸುವ ಅಗತ್ಯ ಬೀಳಲಿಲ್ಲ, ಕ್ಲಿಪ್ಪಿನ ಇಂಪೋರ್ಟ್ ಸೆಟ್ಟಿಂಗಿನಲ್ಲಿ `Cycle Offset` 0.5 ಕೊಟ್ಟರೆ ಸಾಕಾಯ್ತು.

ಉಳಿದ ಅರ್ಧ ರೋಗ 0 ಮತ್ತು 1.5ರ ನಡುವಿನದು. ಅಲ್ಲಿ ಆ 4 ಸೆಕೆಂಡಿನ ನಿಲ್ಲುವ ಕ್ಲಿಪ್ ಸುತ್ತನ್ನು ಎಳೆಯುತ್ತಲೇ ಇರುತ್ತದೆ. 0.75ರಲ್ಲಿ ಒಂದು ಸುತ್ತಿಗೆ 2.5 ಸೆಕೆಂಡ್ ಹಿಡಿಯುತ್ತದೆ. ನಿಲ್ಲುವ ಕ್ಲಿಪ್ಪನ್ನು ನಾಲ್ಕು ಪಟ್ಟು ವೇಗವಾಗಿ ಓಡಿಸಿದರೆ ಸುತ್ತು ಸರಿಹೋಗುತ್ತದೆ, ಆದರೆ ಸುಮ್ನೆ ನಿಂತವನು ಏದುಸಿರು ಬಿಡುತ್ತಾನೆ.

ಅದಕ್ಕೇ ಮೂರನೆಯ ದಾರಿ ನನಗೆ ಹಿಡಿಸಿತು. ನಿಲ್ಲುವುದು ಬೇರೆ ಸ್ಟೇಟ್. ಬ್ಲೆಂಡ್ ಟ್ರೀಯಲ್ಲಿ ನಡಿಗೆ ಮತ್ತು ಓಟ ಮಾತ್ರ. `Speed` 0.3 ದಾಟಿದರೆ ಟ್ರೀಗೆ ಹೋಗು, 0.15ಕ್ಕಿಂತ ಇಳಿದರೆ ವಾಪಸ್ ಬಾ. ಎರಡೂ ಕಡೆ `Has Exit Time` ಆಫ್, ಟ್ರಾನ್ಸಿಶನ್ 0.15 ಸೆಕೆಂಡ್. ಎರಡು ಬೇರೆ ಸಂಖ್ಯೆ ಯಾಕೆಂದರೆ, ಒಂದೇ ಇಟ್ಟರೆ ವೇಗ ಆ ಗಡಿಯಲ್ಲಿ ತುಯ್ದಾಡುವಾಗ ಹುಡುಗ ನಿಂತು ಹೊರಟು ಮಾಡುತ್ತಾನೆ.

`Speed` ಕೊಡುವ ಕೋಡ್ ಮೂರೇ ಸಾಲು:

```csharp
Vector3 v = controller.velocity;
v.y = 0f;
animator.SetFloat("Speed", v.magnitude, 0.1f, Time.deltaTime);
```

ಕೀ ಒತ್ತಿದ್ದನ್ನು ಕೊಡದೆ ನಿಜವಾದ ವೇಗವನ್ನೇ ಕೊಟ್ಟಿದ್ದೇನೆ. ಇಲ್ಲದಿದ್ದರೆ ಸಿಲ್ವರ್ ಓಕ್ ಮರಕ್ಕೆ ಢಿಕ್ಕಿ ಹೊಡೆದು ನಿಂತ ಮೇಲೂ ಹುಡುಗ ಓಡುತ್ತಲೇ ಇರುತ್ತಾನೆ. `y` ತೆಗೆಯದಿದ್ದರೆ ಕಣದ ಅಂಚಿನಿಂದ ಕೆಳಗೆ ಬೀಳುವಾಗ ಗಾಳಿಯಲ್ಲೇ ಓಟ ಕೀಳುತ್ತಾನೆ. 0.1 ಅನ್ನೋದು ಸಂಖ್ಯೆ ಥಟ್ಟನೆ ಜಿಗಿಯದ ಹಾಗೆ ನೋಡಿಕೊಳ್ಳುತ್ತದೆ. ಅದನ್ನು 0.3ರವರೆಗೆ ಎಳೆದು ನೋಡಿದೆ. ಮೈ ನಿಂತ ಮೇಲೂ ಕಾಲು ಆಡುತ್ತಿತ್ತು.

ಈ ದಾರಿಯಲ್ಲೂ ಒಂದು ಕೊರತೆ ಇದೆ. 1.5ಕ್ಕಿಂತ ಕೆಳಗೆ ಟ್ರೀ ಪೂರ್ತಿ ನಡಿಗೆಯನ್ನೇ ಆಡಿಸುತ್ತದೆ, ಈ ಸಲ ಕಾಲು ಮೈಗಿಂತ ಜೋರು. ಕೀಬೋರ್ಡಿನಲ್ಲಿ ಆಡುವವರಿಗೆ ತೊಂದರೆಯಿಲ್ಲ, ಅವರ ವೇಗ ಆ ಜಾಗವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ದಾಟುತ್ತದೆ. ಸ್ಟಿಕ್ಕನ್ನು ಮೆಲ್ಲಗೆ ಒತ್ತಿ ಆಡುವವರಿಗೆ ಟ್ರೀ ಸ್ಟೇಟಿನ `Multiplier`ಗೆ ಇನ್ನೊಂದು ಪ್ಯಾರಾಮೀಟರ್ ಕೊಟ್ಟು, ಕೋಡಿನಲ್ಲಿ ವೇಗವನ್ನು 1.5ರಿಂದ ಭಾಗಿಸಿ 0.5 ಮತ್ತು 1ರ ನಡುವೆ ಹಿಡಿದಿಟ್ಟೆ. 1 ಮೀಟರಿನ ಸುಮಾರಿಗೆ ಚೆನ್ನಾಗಿದೆ. ಅದಕ್ಕಿಂತ ಜಾಸ್ತಿ ನಿಧಾನವಾದರೆ ಸ್ಲೋ ಮೋಶನ್ ಅನ್ನಿಸುತ್ತದೆ, ಯಾಕೆಂದರೆ ನಿಧಾನ ನಡೆಯುವ ಮನುಷ್ಯ ಹೆಜ್ಜೆಯನ್ನೂ ಚಿಕ್ಕದು ಮಾಡುತ್ತಾನೆ. ಅದಕ್ಕೆ ನಿಧಾನ ನಡಿಗೆಯ ಬೇರೆ ಕ್ಲಿಪ್ ಬೇಕು, ತಮ್ಮ ಮಾಡಿಕೊಡ್ತೀನಿ ಅಂದಿದ್ದಾನೆ.

ದೂರದಲ್ಲಿ ಕಾಫಿ ಕೊಯ್ಯುವ ಆಳುಗಳಿಗೆ ಇಷ್ಟೆಲ್ಲ ಮಾಡಿಲ್ಲ. ಅವರಿಗೆ ಮೂರೂ ಕ್ಲಿಪ್ಪಿನ ಒಂದೇ ಟ್ರೀ, ಗುರುತು ಮಾತ್ರ 0, 1.5, 4.5. ಗಿಡಗಳ ಹಿಂದೆ ಅವರ ಪಾದ ಹೇಗಿದ್ದರೂ ಕಾಣುವುದಿಲ್ಲ.