ಕಾಕರ್ ಸ್ಪ್ಯಾನಿಯಲ್ ಕಿವಿ: ಮನೆಯಲ್ಲೇ ತೊಳೆಯುವುದೋ, ಮೊದಲು ವೈದ್ಯರಿಗೆ ತೋರಿಸುವುದೋ?

ನಾಯಿಯ ಕಿವಿಯ ನಾಳ ಮೊದಲು ಕೆಳಕ್ಕಿಳಿದು, ಆಮೇಲೆ ಒಳಕ್ಕೆ ತಿರುಗುತ್ತದೆ. ಕಾಕರ್‌ನಲ್ಲಿ ಅದರ ಮೇಲೆ ಕೂದಲು ತುಂಬಿದ ಜೋಲು ಕಿವಿ ಮುಚ್ಚಿಕೊಂಡಿರುವುದರಿಂದ ತೇವ ಆರುವುದಿಲ್ಲ. ಯೀಸ್ಟ್ ಎಂಬ ಶಿಲೀಂಧ್ರ ಬೆಳೆಯಲು ಅಷ್ಟೇ ಸಾಕು.

ಒಳಗೆ ತಿಳಿಗುಲಾಬಿ ಬಣ್ಣವಿದ್ದು, ಸ್ವಲ್ಪ ಕಂದು ಮೇಣ ಮಾತ್ರ ಕಂಡರೆ ಮನೆಯಲ್ಲೇ ತೊಳೆಯಬಹುದು. ನಾಯಿಗಳಿಗೆಂದೇ ಮಾಡಿದ ಇಯರ್ ಕ್ಲೀನರ್ ಅನ್ನು ನಾಳ ತುಂಬುವಷ್ಟು ಸುರಿಯಿರಿ. ಕಿವಿಯ ಬುಡವನ್ನು ಅರ್ಧ ನಿಮಿಷ ಮೆಲ್ಲಗೆ ಒತ್ತಿ ತಿಕ್ಕಿದರೆ ಒಳಗೆ ಪಚಪಚ ಸದ್ದು ಕೇಳಿಸುತ್ತದೆ. ನಾಯಿ ತಲೆ ಕೊಡವಲಿ, ಹೊರಬಂದದ್ದನ್ನಷ್ಟೇ ಹತ್ತಿಯಿಂದ ಒರೆಸಿ. ಇಯರ್ ಬಡ್ಸ್ ಬೇಡವೇ ಬೇಡ, ಅದು ಕೊಳೆಯನ್ನು ತಿರುವಿನಾಚೆಗೆ ತಳ್ಳುತ್ತದೆ. ಶುಚಿಯಾಗಿರುವ ಕಿವಿಯನ್ನು ದಿನಾ ತೊಳೆದರೂ ಚರ್ಮ ನೆನೆದು ಸೋಂಕಿಗೆ ದಾರಿಯಾಗುತ್ತದೆ.

ಕೆಂಪು, ಊತ, ಹುಳಿ ವಾಸನೆ, ಕೀವು, ಮುಟ್ಟಿದರೆ ಕಿರುಚುವುದು, ತಲೆ ಒಂದು ಕಡೆ ವಾಲುವುದು: ಇವುಗಳಲ್ಲಿ ಯಾವುದಿದ್ದರೂ ಬಾಟಲಿ ಮುಟ್ಟಬೇಡಿ. ಕಿವಿ ತಮಟೆ ಹರಿದಿದ್ದರೆ ಸುರಿದ ದ್ರವ ನಡುಗಿವಿಗೆ ಇಳಿದು ಕಿವುಡು ತರಬಹುದು, ನಡಿಗೆಯ ಸಮತೋಲನವನ್ನೂ ಕೆಡಿಸಬಹುದು. ವಿನೆಗರ್, ಹೈಡ್ರೋಜನ್ ಪೆರಾಕ್ಸೈಡ್ ಹುಣ್ಣಾದ ಚರ್ಮವನ್ನು ಸುಡುತ್ತವೆ. ಇನ್ನೊಂದು ನಷ್ಟವೂ ಇದೆ: ಯೀಸ್ಟೋ ಬ್ಯಾಕ್ಟೀರಿಯಾವೋ ಎಂದು ವೈದ್ಯರು ಮೈಕ್ರೋಸ್ಕೋಪಿನಲ್ಲಿ ನೋಡಬೇಕಾದ ಮಾದರಿಯನ್ನೇ ನೀವು ತೊಳೆದುಬಿಟ್ಟಿರುತ್ತೀರಿ. ಹಿಂದಿನ ಸಲ ಉಳಿದ ಡ್ರಾಪ್ಸ್ ಹಾಕುವುದೂ ಸಲ್ಲದು.

ಸೋಂಕು ಪದೇ ಪದೇ ಮರಳುತ್ತಿದ್ದರೆ ಕ್ಲೀನರ್ ಬದಲಿಸುವುದಕ್ಕಿಂತ ಅಲರ್ಜಿಯ ಬಗ್ಗೆ ವೈದ್ಯರನ್ನು ಕೇಳಿ.