ಗೃಹಸಾಲದ ಬಡ್ಡಿ, ಅಸಲು: ಅರ್ಧರ್ಧವೋ, ಆದಾಯದ ಪ್ರಮಾಣವೋ, ಒಬ್ಬರ ಹೆಸರಿಗೇ ಪೂರ್ತಿಯೋ?

ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಗೃಹಸಾಲದ ತೆರಿಗೆ ಲಾಭ ಹಂಚಿಕೊಳ್ಳಲು ಮೂರು ದಾರಿಗಳಿವೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಆದಾಯದ ಪ್ರಮಾಣಕ್ಕೆ. ಅಂದರೆ ಕ್ರಯಪತ್ರದಲ್ಲೇ 70:30 ಎಂದೋ 60:40 ಎಂದೋ ಪಾಲು ಬರೆಸಿ, ಇಎಂಐ ಹಣವನ್ನೂ ಅದೇ ಪ್ರಮಾಣದಲ್ಲಿ ಹಾಕುತ್ತಾ ಹೋಗುವುದು. ಇಬ್ಬರ ಸಂಬಳವೂ ಹೆಚ್ಚುಕಡಿಮೆ ಒಂದೇ ಆಗಿದ್ದು ಇಬ್ಬರಿಗೂ ಆದಾಯ ತೆರಿಗೆಯ ಹಳೆ ಪದ್ಧತಿಯೇ ಲಾಭವಾಗಿದ್ದರೆ ಮಾತ್ರ ಅರ್ಧರ್ಧ ಒಳ್ಳೆಯದು. ಆ ಸಂದರ್ಭಕ್ಕೆ ಬೇರೆ ಚರ್ಚೆ ಬೇಕಿಲ್ಲ.

ಹೋಲಿಕೆಗೆ ಒಂದು ಜೋಡಿಯನ್ನು ಇಟ್ಟುಕೊಳ್ಳೋಣ. ಹೆಂಡತಿಗೆ ಬೆಂಗಳೂರಿನಲ್ಲಿ ಕೆಲಸ, ವರ್ಷಕ್ಕೆ 24 ಲಕ್ಷ ಸಂಬಳ, ಅದರಲ್ಲಿ ಮೂಲ ವೇತನ 12 ಲಕ್ಷ, ತಿಂಗಳಿಗೆ 42,000 ರೂಪಾಯಿ ಬಾಡಿಗೆಯ ಮನೆಯಲ್ಲಿ ವಾಸ. ಗಂಡನಿಗೆ ಮೈಸೂರಿನಲ್ಲಿ ಕೆಲಸ, 11 ಲಕ್ಷ ಸಂಬಳ. ಸಾಲ ಮಾಡಿ ಕೊಂಡ ಮನೆ ಮೈಸೂರಿನದು, ಗಂಡ ಅದರಲ್ಲೇ ಇರುತ್ತಾರೆ. ಸಾಲ 50 ಲಕ್ಷ, ಬಡ್ಡಿ ದರ ಶೇ. 8.5, ಅವಧಿ 20 ವರ್ಷ, ಇಎಂಐ 43,391 ರೂಪಾಯಿ. ಸಾಲ ಕೊಟ್ಟವರು ನೀಡುವ ಮೊದಲ ಪೂರ್ಣ ವರ್ಷದ ಪ್ರಮಾಣಪತ್ರದಲ್ಲಿ ಬಡ್ಡಿ ಸುಮಾರು 4.2 ಲಕ್ಷ, ಅಸಲು ಸುಮಾರು 1 ಲಕ್ಷ ಎಂದು ಬರುತ್ತದೆ. ಲೆಕ್ಕವೆಲ್ಲ 2025-26ರ ಆರ್ಥಿಕ ವರ್ಷದ್ದು, 1961ರ ಆದಾಯ ತೆರಿಗೆ ಕಾಯ್ದೆಯ ಪ್ರಕಾರ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದಿರುವುದರಿಂದ ಮುಂದಿನ ವರ್ಷಗಳಿಗೆ ಸೆಕ್ಷನ್ ಸಂಖ್ಯೆಗಳು ಬದಲಾಗುತ್ತವೆ.

ಮೊದಲು ಗಂಡನ ಲೆಕ್ಕ ನೋಡೋಣ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಸ್ವಂತ ವಾಸದ ಮನೆಯ ಬಡ್ಡಿಗೆ ಸೆಕ್ಷನ್ 24(ಬಿ) ಅಡಿ ಒಬ್ಬೊಬ್ಬ ಸಹಮಾಲೀಕರಿಗೆ 2 ಲಕ್ಷದವರೆಗೆ, ಅಸಲಿಗೆ 80ಸಿ ಅಡಿ ಪಿಎಫ್, ವಿಮೆ ಎಲ್ಲ ಸೇರಿ 1.5 ಲಕ್ಷದವರೆಗೆ ಕಡಿತ ಸಿಗುತ್ತದೆ. ಆದರೆ ಇವೆರಡೂ ಸಿಗುವುದು ಹಳೆ ಪದ್ಧತಿಯಲ್ಲಿ ಮಾತ್ರ. ಅರ್ಧರ್ಧ ಹಂಚಿ, ಗಂಡನಿಗೆ ಬಡ್ಡಿಯ 2 ಲಕ್ಷವೂ 80ಸಿಯ 1.5 ಲಕ್ಷವೂ ಪೂರ್ತಿ ದಕ್ಕಿತೆಂದೇ ಇಟ್ಟುಕೊಳ್ಳಿ. 50,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕೂಡ ಕಳೆದರೆ ತೆರಿಗೆಗೆ ಉಳಿಯುವುದು 7 ಲಕ್ಷ, ಸೆಸ್ ಸೇರಿ ತೆರಿಗೆ 54,600 ರೂಪಾಯಿ. ಅದೇ ಗಂಡ ಹೊಸ ಪದ್ಧತಿಯಲ್ಲಿ ಏನನ್ನೂ ಕೇಳದೆ, 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಮಾತ್ರ ಕಳೆದರೆ 10.25 ಲಕ್ಷ ಉಳಿಯುತ್ತದೆ. ಅದು 12 ಲಕ್ಷದ ರಿಯಾಯಿತಿ ಮಿತಿಯ ಒಳಗಿರುವುದರಿಂದ ತೆರಿಗೆ ಸೊನ್ನೆ. ಹಾಗಾಗಿ ಸಂಬಳ 12.75 ಲಕ್ಷದೊಳಗೆ ಇರುವವರಿಗೆ ಪಾಲು ಕೊಟ್ಟು ಬಡ್ಡಿ ಕಳೆಯಿರಿ ಎನ್ನುವುದು ತುಂಬಿದ ಕೊಡಕ್ಕೆ ನೀರು ಸುರಿದ ಹಾಗೆ.

ಹಾಗಾದರೆ ಲಾಭ ಇರುವುದು ಹೆಂಡತಿಯ ಲೆಕ್ಕದಲ್ಲಿ ಮಾತ್ರ. ಅದೂ ಅಂದುಕೊಂಡಷ್ಟಿಲ್ಲ. ಅವರ ಪಿಎಫ್ ವಂತಿಗೆಯೇ 1.44 ಲಕ್ಷ ಆಗುವುದರಿಂದ 80ಸಿಯಲ್ಲಿ ಅಸಲಿಗೆ ಉಳಿಯುವ ಜಾಗ 6,000 ರೂಪಾಯಿ. ಅಸಲನ್ನು ಹೇಗೆ ಹಂಚಿದರೂ ಇವರಿಗೆ ವ್ಯತ್ಯಾಸವಾಗದು, ಅಲ್ಲಿಗೆ ಆ ವಿಷಯ ಬಿಡೋಣ. ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ಎಚ್‌ಆರ್‌ಎ ವಿನಾಯಿತಿ 3.84 ಲಕ್ಷ, 80ಸಿ 1.5 ಲಕ್ಷ, ಎನ್‌ಪಿಎಸ್ 50,000, ತನಗೂ ಹಿರಿಯ ನಾಗರಿಕರಾದ ತಂದೆತಾಯಿಗೂ ಆರೋಗ್ಯ ವಿಮೆ 75,000, ಮನೆಯ ಬಡ್ಡಿ 2 ಲಕ್ಷ, ಇಷ್ಟೂ ಕಳೆದರೆ ಹಳೆ ಪದ್ಧತಿಯಲ್ಲಿ 14.91 ಲಕ್ಷ ಉಳಿಯುತ್ತದೆ. ವೃತ್ತಿ ತೆರಿಗೆಯ ಚಿಲ್ಲರೆಯನ್ನು ಬಿಟ್ಟಿದ್ದೇನೆ. ತೆರಿಗೆ 2,70,192. ಹೊಸ ಪದ್ಧತಿಯಲ್ಲಿ 23.25 ಲಕ್ಷಕ್ಕೆ ತೆರಿಗೆ 2,92,500. ಉಳಿತಾಯ 22,308 ರೂಪಾಯಿ. ‘2 ಲಕ್ಷಕ್ಕೆ ಶೇ. 30, ಸೆಸ್ ಸೇರಿ 62,400 ಉಳಿಯಿತು’ ಎನ್ನುವ ಬಾಯಿಲೆಕ್ಕ ತಪ್ಪು. ಬಡ್ಡಿ ಇಲ್ಲದಿದ್ದರೆ ಅವರು ಹೇಗೂ ಹೊಸ ಪದ್ಧತಿಗೇ ಹೋಗುತ್ತಿದ್ದರು, ಆದ್ದರಿಂದ ಹೋಲಿಸಬೇಕಾದದ್ದು ಆ 2,92,500ರ ಜೊತೆಗೆ. ಬಾಡಿಗೆ ಮನೆ ಬಿಟ್ಟು ಎಚ್‌ಆರ್‌ಎ ಕೈತಪ್ಪಿದ ವರ್ಷ ಈ 22,308 ಕೂಡ ಇರುವುದಿಲ್ಲ.

ಈಗ ಮೂರು ದಾರಿಗಳನ್ನು ಪಕ್ಕಪಕ್ಕ ಇಡೋಣ. ಮೊದಲ ವರ್ಷ ತಮಾಷೆಯಾಗಿದೆ. 4.2 ಲಕ್ಷ ಬಡ್ಡಿಯಲ್ಲಿ ಹೆಂಡತಿಯ ಪಾಲು ಅರ್ಧರ್ಧದಲ್ಲಿ 2.1 ಲಕ್ಷ, 70:30ರಲ್ಲಿ 2.94 ಲಕ್ಷ, ಒಬ್ಬರ ಹೆಸರಿಗಾದರೆ ಪೂರ್ತಿ 4.2 ಲಕ್ಷ. ಮಿತಿ 2 ಲಕ್ಷವೇ ಆಗಿರುವುದರಿಂದ ಮೂರರಲ್ಲೂ ದಕ್ಕುವುದು ಅಷ್ಟೇ. ‘ಯಾವುದಾದರೇನು’ ಎಂದು ಅರ್ಧರ್ಧ ಬರೆಸಿ ಬರುವವರು ಈ ಮೊದಲ ವರ್ಷವನ್ನೇ ನೋಡಿರುತ್ತಾರೆ.

ಸಾಲ ಹಳೆಯದಾದಂತೆ ಬಡ್ಡಿ ಇಳಿಯುತ್ತದೆ. 12ನೇ ವರ್ಷದಲ್ಲಿ ಇದೇ ಸಾಲದ ಬಡ್ಡಿ ಸುಮಾರು 2.68 ಲಕ್ಷ. ಸಂಬಳ, ತೆರಿಗೆ ದರ ಎಲ್ಲ ಹೀಗೇ ಇದ್ದರೆ, ಅರ್ಧರ್ಧದಲ್ಲಿ ಹೆಂಡತಿಯ ಪಾಲು 1.34 ಲಕ್ಷಕ್ಕೆ ಇಳಿದು, ಹೊಸ ಪದ್ಧತಿಗಿಂತ ಉಳಿಯುವುದು ಬರೀ 1,716 ರೂಪಾಯಿ. 70:30ರಲ್ಲಿ ಪಾಲು ಸುಮಾರು 1.88 ಲಕ್ಷ ಇರುವುದರಿಂದ 18,400ರ ಆಸುಪಾಸು ಉಳಿಯುತ್ತದೆ. ಒಬ್ಬರ ಹೆಸರಿಗೇ ಪೂರ್ತಿಯಾದರೆ ಆ 22,308 ಹಾಗೇ ನಿಲ್ಲುತ್ತದೆ.

ಅಂಕಿಯಲ್ಲಿ ಒಬ್ಬರ ಹೆಸರೇ ಗೆದ್ದಿದ್ದರೂ ನಾನು ಅದನ್ನು ಆರಿಸುವುದಿಲ್ಲ. ಕ್ರಯಪತ್ರದಲ್ಲಿ ಹೆಸರಿಲ್ಲದ ಗಂಡ ಸಾಲಪತ್ರಕ್ಕೆ ಸಹಿ ಹಾಕಿದ್ದರೂ, ಪ್ರತಿ ತಿಂಗಳು ಕಂತು ಕಟ್ಟಿದ್ದರೂ ಒಂದು ರೂಪಾಯಿ ಕೇಳುವಂತಿಲ್ಲ. ಮಾಲೀಕತ್ವ ಮತ್ತು ಸಾಲ ಎರಡರಲ್ಲೂ ಹೆಸರು ಇರಲೇಬೇಕು. ಮುಂದೆ ಮನೆ ಬಾಡಿಗೆಗೆ ಹೋದರೆ ಬಾಡಿಗೆ ಪೂರ್ತಿ ಶೇ. 30ರ ದರದಲ್ಲಿ ತೆರಿಗೆ ಕಟ್ಟುವ ಹೆಂಡತಿಯ ಲೆಕ್ಕಕ್ಕೇ ಬೀಳುತ್ತದೆ. ಪಾಲು ಇದ್ದರೆ ಬಾಡಿಗೆಯ ಶೇ. 30 ಕಡಿಮೆ ತೆರಿಗೆಯ ಗಂಡನ ಕಡೆ ಹೋಗುತ್ತದೆ, ಬಾಡಿಗೆ ಎದುರು ಬಡ್ಡಿ ಕಳೆಯಲು ಹೊಸ ಪದ್ಧತಿಯಲ್ಲೂ ಅವಕಾಶ ಇದೆ. ವರ್ಷಕ್ಕೆ 4,000 ರೂಪಾಯಿ ಕಡಿಮೆ ಉಳಿದರೂ ಪರವಾಗಿಲ್ಲ ಎನಿಸುವುದು ಇದಕ್ಕೇ.

ಪಾಲನ್ನು ವರ್ಷಕ್ಕೊಮ್ಮೆ ಅನುಕೂಲ ನೋಡಿ ತಿರುಗಿಸಲು ಬರುವುದಿಲ್ಲ. ಕ್ರಯಪತ್ರದಲ್ಲಿ ಶೇಕಡಾವಾರು ಬರೆಸದಿದ್ದರೆ ಯಾರು ಎಷ್ಟು ಹಣ ಹಾಕಿದರು ಎಂಬ ಪುರಾವೆ ಹುಡುಕಬೇಕು, ಪುರಾವೆ ಇಲ್ಲದಿದ್ದರೆ ಸಮಪಾಲು ಎಂದೇ ಹಿಡಿಯುತ್ತಾರೆ. ಆಮೇಲೆ ದಾನಪತ್ರ ಮಾಡಿ ಸರಿಪಡಿಸೋಣ ಎಂದರೂ ನಡೆಯದು. ಹಣ ಪಡೆಯದೆ ಸಂಗಾತಿಗೆ ಕೊಟ್ಟ ಪಾಲಿಗೆ ಸೆಕ್ಷನ್ 27ರ ಪ್ರಕಾರ ಕೊಟ್ಟವರೇ ಮಾಲೀಕರಾಗಿ ಉಳಿಯುತ್ತಾರೆ.

ಇನ್ನು ನಿಜವಾದ ತಲೆನೋವು, ಸಾಲ ಕೊಟ್ಟವರ ವಾರ್ಷಿಕ ಪ್ರಮಾಣಪತ್ರ. ಒಂದು ಸಾಲದ ಖಾತೆಗೆ ಒಂದೇ ಪ್ರಮಾಣಪತ್ರ. ಅದರಲ್ಲಿ ಇಬ್ಬರ ಹೆಸರೂ ಇರುತ್ತದೆ, ಒಟ್ಟು ಬಡ್ಡಿ, ಒಟ್ಟು ಅಸಲು ಇರುತ್ತದೆ, ಯಾರದ್ದು ಎಷ್ಟು ಎಂದು ಇರುವುದಿಲ್ಲ. ಅದನ್ನು ಇಬ್ಬರೂ ತಂತಮ್ಮ ಕಚೇರಿಗೆ ಹಾಗೇ ಕೊಟ್ಟರೆ ಎರಡೂ ಕಡೆ ಸಂಬಳ ವಿಭಾಗದವರು 2 ಲಕ್ಷ ಎಂದು ನಮೂದಿಸಿಬಿಡಬಹುದು. ಮೊದಲ ವರ್ಷ ಒಟ್ಟು 4 ಲಕ್ಷ, ಪ್ರಮಾಣಪತ್ರದ 4.2ರ ಒಳಗೇ ಇರುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಆದರೆ 70:30ರಲ್ಲಿ ಗಂಡನ ಪಾಲು 1.26 ಲಕ್ಷ ಮಾತ್ರ. 12ನೇ ವರ್ಷವೂ ಹಾಗೇ ಮಾಡಿದರೆ 2.68 ಲಕ್ಷ ಬಡ್ಡಿಗೆ 4 ಲಕ್ಷ ಕೇಳಿದಂತಾಗುತ್ತದೆ. ಈಗ ರಿಟರ್ನ್‌ನಲ್ಲಿ ಸಾಲದ ಖಾತೆ ಸಂಖ್ಯೆ, ಮಂಜೂರಾದ ದಿನಾಂಕ, ಬಾಕಿ ಮೊತ್ತ ಎಲ್ಲ ತುಂಬಬೇಕು. ಒಂದೇ ಖಾತೆ ಸಂಖ್ಯೆ ಎರಡು ಪ್ಯಾನ್‌ಗಳಲ್ಲಿ ಬಂದಾಗ ಕೂಡಿಸಿ ನೋಡುವುದು ಕಷ್ಟವೇನಲ್ಲ.

ಇದಕ್ಕೆ ಮದ್ದು ಒಂದು ಪುಟದ ಘೋಷಣೆ. ಸಾಲದ ಖಾತೆ ಸಂಖ್ಯೆ, ಇಬ್ಬರ ಪ್ಯಾನ್, ಕ್ರಯಪತ್ರದ ಪಾಲು, ಆ ವರ್ಷದ ಒಟ್ಟು ಬಡ್ಡಿ ಮತ್ತು ಅಸಲು, ಅದರಲ್ಲಿ ತಲಾ ಪಾಲು ಎಷ್ಟು ಎಂದು ರೂಪಾಯಿಗಳಲ್ಲಿ ಬರೆದು ಇಬ್ಬರೂ ಸಹಿ ಮಾಡಬೇಕು. ಪ್ರಮಾಣಪತ್ರದ ಜೊತೆ ಇದನ್ನೂ ಕ್ರಯಪತ್ರದ ಪಾಲು ಬರೆದ ಪುಟವನ್ನೂ ಲಗತ್ತಿಸಿ, ತೆರಿಗೆ ಕಡಿತಕ್ಕಾಗಿ ಕಚೇರಿಗೆ ಕೊಡುವ ಫಾರ್ಮ್‌ನಲ್ಲಿ, 2025-26ಕ್ಕೆ ಅದು 12ಬಿಬಿ, ತನ್ನ ಪಾಲಿನ ಮೊತ್ತವನ್ನಷ್ಟೇ ತುಂಬಬೇಕು. ಅದರಲ್ಲಿ ಸಾಲ ಕೊಟ್ಟವರ ಪ್ಯಾನ್ ಕೂಡ ಬೇಕು. ಗಂಡ ಹೊಸ ಪದ್ಧತಿಯಲ್ಲಿರುವುದರಿಂದ ಏನನ್ನೂ ಕೇಳುವುದಿಲ್ಲ. ಹಾಗೆಂದು ಅವರ ಶೇ. 30 ಹೆಂಡತಿಯ ಪಾಲಿಗೆ ಸೇರಿಕೊಳ್ಳುವುದಿಲ್ಲ, ಅದು ವ್ಯರ್ಥವಾಗುತ್ತದೆ ಅಷ್ಟೇ.

ಘೋಷಣೆಗೆ ಬೆನ್ನೆಲುಬು ಬ್ಯಾಂಕ್ ಪಾಸ್‌ಬುಕ್. ಇಎಂಐ ಸಾಮಾನ್ಯವಾಗಿ ಒಂದೇ ಖಾತೆಯಿಂದ ಕಡಿತವಾಗುತ್ತದೆ. ಜಂಟಿ ಖಾತೆ ತೆರೆದು, ಕಂತಿನ ದಿನಕ್ಕೆ ಎರಡು ದಿನ ಮುಂಚೆ ಹೆಂಡತಿಯಿಂದ 30,374, ಗಂಡನಿಂದ 13,017 ರೂಪಾಯಿ ಬರುವಂತೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಟ್ಟರೆ ಸಾಕು. ‘ಇಎಂಐ ನಾನು ಕಟ್ತೀನಿ, ರೇಷನ್ನು ಸ್ಕೂಲ್ ಫೀಸು ನೀನು ನೋಡ್ಕೋ’ ಎನ್ನುವ ಒಪ್ಪಂದ ಸಂಸಾರಕ್ಕೆ ಚೆನ್ನ, ಪುರಾವೆಗೆ ಅಲ್ಲ.

ಜನವರಿಯ ಹೊತ್ತಿಗೆ ಕಚೇರಿಗೆ ಕೊಡುವುದು ತಾತ್ಕಾಲಿಕ ಪ್ರಮಾಣಪತ್ರ. ಮಾರ್ಚ್‌ವರೆಗೆ ಕಂತುಗಳು ಸರಿಯಾಗಿ ಬರುತ್ತವೆ ಎಂಬ ಅಂದಾಜಿನ ಮೇಲೆ ಮಾಡಿದ್ದು ಅದು. ಫೆಬ್ರುವರಿಯಲ್ಲಿ ಒಂದಷ್ಟು ಮುಂಗಡ ಕಟ್ಟಿದರೆ ಅಸಲು ಹೆಚ್ಚಾಗಿ ಬಡ್ಡಿ ಇಳಿದಿರುತ್ತದೆ. ಮಾರ್ಚ್ ಕಂತು ತಪ್ಪಿದ್ದರೆ ಆ ತಿಂಗಳ ಬಡ್ಡಿಯನ್ನು ಕೇಳಬಹುದು, ಏಕೆಂದರೆ ಬಡ್ಡಿಗೆ ಲೆಕ್ಕ ಬಾಕಿಯಾದದ್ದು. ಅಸಲಿಗೆ ಲೆಕ್ಕ ನಿಜವಾಗಿ ಕಟ್ಟಿದ್ದು, ಆದ್ದರಿಂದ ಅದನ್ನು ಕೇಳುವಂತಿಲ್ಲ. ಏಪ್ರಿಲ್ ನಂತರ ಅಂತಿಮ ಪ್ರಮಾಣಪತ್ರ ಪಡೆದು ಘೋಷಣೆಯ ಅಂಕಿಗಳನ್ನು ತಿದ್ದಿ, ರಿಟರ್ನ್‌ಗೆ ಅದನ್ನೇ ಬಳಸಬೇಕು.

ಹೆಂಡತಿಯ ರಿಟರ್ನ್ ಮಾತ್ರ ಗಡುವು ದಾಟಬಾರದು. ಸಂಬಳದಾರರು ಹಳೆ ಪದ್ಧತಿ ಆರಿಸಿಕೊಳ್ಳಲು ಸಾಧ್ಯವಿರುವುದು ಗಡುವಿನೊಳಗೆ ಸಲ್ಲಿಸಿದ ರಿಟರ್ನ್‌ನಲ್ಲಿ ಮಾತ್ರ. ಒಂದು ದಿನ ತಡವಾದರೂ ಹೊಸ ಪದ್ಧತಿಯ 2,92,500ನ್ನೇ ಕಟ್ಟಬೇಕು, ತಡದ ಶುಲ್ಕ ಬೇರೆ. ಗಂಡನದು ಹೇಗೂ ಹೊಸ ಪದ್ಧತಿಯೇ, ಸಮಯ ಕಡಿಮೆ ಇದ್ದರೆ ಮೊದಲು ಹೆಂಡತಿಯದನ್ನು ಮುಗಿಸಿ.